ಒಂದೇ ಐಸಿಯು, ಒಂದೇ ಬ್ಯಾಕ್ಟೀರಿಯಾ, ಮೂರು ಹೆಸರು: ಮಾಲ್ಡಿ-ಟಾಫ್ ಬಗೆಹರಿಸಿದ ಒಂದು ಪ್ರಕರಣ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಮೂರು ತಿಂಗಳ ಅವಧಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಬೇರೆ ಬೇರೆ ರೋಗಿಗಳ ವರದಿಗಳಲ್ಲಿ ಬೇರೆ ಬೇರೆ ಹೆಸರು ಹೊತ್ತು ಓಡಾಡುತ್ತಿತ್ತು. ಹೆಸರುಗಳು ಬೇರೆಯಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕೊನೆಯ ರೋಗಿಯ ರಕ್ತದಿಂದ ಬೆಳೆದ ಕಾಲೊನಿ, ಅಂದರೆ ಬ್ಯಾಕ್ಟೀರಿಯಾಗಳ ಪುಟ್ಟ ಗುಂಪು, ನಾನು ಕೆಲಸ ಮಾಡುವ ಕೇಂದ್ರ ಪ್ರಯೋಗಾಲಯಕ್ಕೆ ಬಂದು, ಪ್ರೋಟೀನುಗಳ ತೂಕದಿಂದ ಬ್ಯಾಕ್ಟೀರಿಯಾವನ್ನು ಗುರುತಿಸುವ ಮಾಲ್ಡಿ-ಟಾಫ್ ಯಂತ್ರಕ್ಕೆ ಹೋದಾಗ ವಿಷಯ ಹೊರಬಿತ್ತು. ಇಲ್ಲಿ ಬರೆಯುತ್ತಿರುವುದು ಆ ರೋಗಿಯ ಪ್ರಕರಣ. ಗುರುತು ಸಿಗಬಾರದೆಂದು ವಯಸ್ಸು, ತಿಂಗಳು ಮತ್ತು ಶಸ್ತ್ರಚಿಕಿತ್ಸೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಯೋಗಾಲಯದ ಹಂತಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ರೋಗಿಗೆ ಅರುವತ್ತರ ಆಸುಪಾಸು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕಿದ್ದರು. ಎರಡನೆಯ ವಾರದ ಒಂದು ಸೋಮವಾರ ರಾತ್ರಿ ಜ್ವರ ಏರಿತು, ರಕ್ತದೊತ್ತಡ ಇಳಿಯತೊಡಗಿತು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡಲು ವೈದ್ಯರು ಎರಡು ಜೊತೆ ರಕ್ತ ಕಲ್ಚರ್ ತೆಗೆಸಿ, ಕಾಯದೆ ಮೆರೊಪೆನೆಮ್ ಮತ್ತು ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗಳನ್ನು ಶುರು ಮಾಡಿದರು. ನಮ್ಮ ನಗರದ ಐಸಿಯುಗಳಲ್ಲಿ ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಎಷ್ಟು ಸಾಮಾನ್ಯ ಎಂದು ಬಲ್ಲ ಯಾರಾದರೂ ಅದೇ ಜೋಡಿಯನ್ನೇ ಆರಿಸುತ್ತಿದ್ದರು. ಆ ನಿರ್ಧಾರದಲ್ಲಿ ತಪ್ಪೇನೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕಲ್ಚರ್ ಯಂತ್ರ ಬಾಟಲಿಯಲ್ಲಿ ಬೆಳವಣಿಗೆ ಇದೆ ಎಂದು ಸೂಚಿಸಿತು. ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ದೊಡ್ಡ ಗುಂಪುಗಳಾಗಿ ಬೇರ್ಪಡಿಸುವ ಗ್ರಾಂ ಸ್ಟೇನ್ ಪರೀಕ್ಷೆಯಲ್ಲಿ ತೆಳ್ಳಗಿನ ಗ್ರಾಂ ನೆಗೆಟಿವ್ ಕಡ್ಡಿಗಳು ಕಂಡವು. ಆಸ್ಪತ್ರೆಯ ತಂತ್ರಜ್ಞೆ ಕೂಡಲೇ ಐಸಿಯುಗೆ ಫೋನ್ ಮಾಡಿ ತಿಳಿಸಿ, ದ್ರವವನ್ನು ಬ್ಲಡ್ ಅಗರ್, ಚಾಕೊಲೇಟ್ ಅಗರ್ ಮತ್ತು ಮೆಕಾಂಕಿ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಮೂರು ಬಗೆಯ ಪ್ಲೇಟುಗಳ ಮೇಲೆ ಗೀಟೆಳೆದು ಇನ್‌ಕ್ಯುಬೇಟರಿಗೆ ಇಟ್ಟರು. ಗ್ರಾಂ ನೆಗೆಟಿವ್ ಎಂಬ ಮಾತು ಕೇಳಿದ ಐಸಿಯು ವೈದ್ಯರಿಗೆ, ಕೊಡುತ್ತಿರುವ ಔಷಧಗಳು ಸರಿಯಾದ ದಿಕ್ಕಿನಲ್ಲೇ ಇವೆ ಎನ್ನಿಸಿತು.

ಬುಧವಾರ ಬೆಳಗ್ಗೆ ಬ್ಲಡ್ ಅಗರ್ ಮೇಲೆ ನುಣುಪಾದ, ತುಸು ಹಳದಿ ಛಾಯೆಯ ಸಣ್ಣ ಕಾಲೊನಿಗಳಿದ್ದವು. ಮೆಕಾಂಕಿ ಪ್ಲೇಟ್ ಮಾತ್ರ ಖಾಲಿ. ಆಕ್ಸಿಡೇಸ್ ಕಿಣ್ವದ ಪರೀಕ್ಷೆ ಪಾಸಿಟಿವ್. ತಂತ್ರಜ್ಞೆ ಇಲ್ಲಿಯೇ ಎಚ್ಚೆತ್ತುಕೊಂಡರು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎರಡೂ ಮೆಕಾಂಕಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಎರಡೂ ಆಕ್ಸಿಡೇಸ್ ನೆಗೆಟಿವ್. ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಎರಡು ಹೆಸರುಗಳು ಬೆಳಗಿನ ಒಂಬತ್ತು ಗಂಟೆಗೇ ಬಿದ್ದುಹೋಗಿದ್ದವು. ಹಾಗಾದರೆ ಇದು ಯಾವುದು?

ಪ್ಯಾನೆಲ್ ಕೊಟ್ಟ ಉತ್ತರ

ಆ ಆಸ್ಪತ್ರೆಯಲ್ಲಿ ಗುರುತಿಸುವಿಕೆಗೆ ಇದ್ದದ್ದು ಸ್ವಯಂಚಾಲಿತ ಜೀವರಾಸಾಯನಿಕ ಪ್ಯಾನೆಲ್. ಶುದ್ಧ ಕಾಲೊನಿಯನ್ನು ಉಪ್ಪುನೀರಿನಲ್ಲಿ ನಿಗದಿತ ಮಬ್ಬಿಗೆ ಕಲಕಿ, 64 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ಕಾರ್ಡಿಗೆ ತುಂಬುತ್ತಾರೆ. ಒಂದು ಗುಳಿಯಲ್ಲಿ ಒಂದು ಸಕ್ಕರೆ, ಇನ್ನೊಂದರಲ್ಲಿ ಒಂದು ಅಮೈನೋ ಆಮ್ಲ, ಮತ್ತೊಂದರಲ್ಲಿ ಕಿಣ್ವವೊಂದು ಸೀಳಿದರೆ ಬಣ್ಣ ಬಿಡುವ ರಾಸಾಯನಿಕ. ಬ್ಯಾಕ್ಟೀರಿಯಾ ಯಾವುದನ್ನು ಬಳಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಬೆಳಕು ಹಾಯಿಸಿ ಓದುತ್ತದೆ. ಕೊನೆಗೆ ಹೌದು-ಇಲ್ಲಗಳ ಸಾಲನ್ನು ತನ್ನಲ್ಲಿರುವ ಪಟ್ಟಿಗೆ ಹೋಲಿಸಿ ಹೆಸರು ಕೊಡುತ್ತದೆ. ಇ. ಕೋಲಿಯಂತಹ, ಸಕ್ಕರೆಗಳನ್ನು ಗಬಗಬನೆ ಮುಗಿಸುವ ಬ್ಯಾಕ್ಟೀರಿಯಾಗಳಿಗೆ ಈ ವಿಧಾನ ಬಹಳ ಚೆನ್ನಾಗಿ ಒಪ್ಪುತ್ತದೆ.

ಆದರೆ ಸಕ್ಕರೆಯನ್ನು ಹುದುಗಿಸದ, ನಿಧಾನವಾಗಿ ಬೆಳೆಯುವ ಗ್ರಾಂ ನೆಗೆಟಿವ್‌ಗಳ ದೊಡ್ಡ ಗುಂಪೊಂದಿದೆ. ನಾವು ಅವುಗಳನ್ನು ನಾನ್-ಫರ್ಮೆಂಟರ್ ಎನ್ನುತ್ತೇವೆ. ಕಾರ್ಡಿನ ಬಹುಪಾಲು ಗುಳಿಗಳಲ್ಲಿ ಇವು ಏನೂ ಮಾಡುವುದಿಲ್ಲ. ಕೆಲವು ಗುಳಿಗಳಲ್ಲಿ ಬಣ್ಣ ಅರೆಬರೆಯಾಗಿ ಬದಲಾಗುತ್ತದೆ, ಅದನ್ನು ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಯಂತ್ರ ತೀರ್ಮಾನಿಸಬೇಕು. ಹೀಗೆ 64 ಗುಳಿಗಳಿದ್ದರೂ ನಿಜವಾಗಿ ಮಾಹಿತಿ ಕೊಡುವವು ಬೆರಳೆಣಿಕೆಯವು. ಅವುಗಳಲ್ಲಿ ಒಂದು ಅತ್ತಿತ್ತಲಾದರೆ ಹೆಸರೇ ಬದಲಾಗುತ್ತದೆ.

ಬೆಳಗ್ಗೆ ಹಾಕಿದ ಕಾರ್ಡ್ ಸಂಜೆ ಐದರ ಹೊತ್ತಿಗೆ ಉತ್ತರ ಕೊಟ್ಟಿತು. ಮೊದಲ ಹೆಸರು ಸ್ಫಿಂಗೊಮೊನಾಸ್ ಪಾಸಿಮೊಬಿಲಿಸ್. ಅದರ ಕೆಳಗೆ ಎಲಿಜಬೆತ್‌ಕಿಂಗಿಯಾ ಮೆನಿಂಗೊಸೆಪ್ಟಿಕಾ. ಪಕ್ಕದಲ್ಲಿ, ಎರಡರ ನಡುವೆ ವ್ಯತ್ಯಾಸ ಮಾಡುವಷ್ಟು ಖಚಿತತೆ ಇಲ್ಲ ಎಂಬ ಸೂಚನೆ.

ಈ ಎರಡು ಹೆಸರುಗಳ ನಡುವೆ ರೋಗಿಯ ಮಟ್ಟಿಗೆ ಇರುವ ಅಂತರ ಬಹಳ ದೊಡ್ಡದು. ಸ್ಫಿಂಗೊಮೊನಾಸ್ ನೀರಿನಲ್ಲಿ ವಾಸಿಸುವ, ಹೆಚ್ಚಾಗಿ ಮೆದು ಸ್ವಭಾವದ ಬ್ಯಾಕ್ಟೀರಿಯಾ. ರಕ್ತ ತೆಗೆಯುವಾಗ ಹೊರಗಿನಿಂದ ಸೇರಿಕೊಂಡಿರಬಹುದು ಎಂದು ವೈದ್ಯರು ಅದನ್ನು ಬದಿಗಿಡುವುದುಂಟು. ನಿಜವಾದ ಸೋಂಕೇ ಆಗಿದ್ದರೂ ಮೆರೊಪೆನೆಮ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಎಲಿಜಬೆತ್‌ಕಿಂಗಿಯಾ ಹಾಗಲ್ಲ. ಮೆರೊಪೆನೆಮ್ ಸೇರಿರುವ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನು ಸೀಳುವ ಎರಡು ಬಗೆಯ ಮೆಟಲೊ ಬೀಟಾ ಲ್ಯಾಕ್ಟಮೇಸ್ ಕಿಣ್ವಗಳು ಅದರ ಸ್ವಂತ ವರ್ಣತಂತುವಿನಲ್ಲೇ ಇವೆ, ಬೇರೆ ಬ್ಯಾಕ್ಟೀರಿಯಾದಿಂದ ಎರವಲು ಪಡೆಯಬೇಕಿಲ್ಲ. ಕೊಲಿಸ್ಟಿನ್‌ಗೂ ಅದು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಅಂದರೆ ಮೊದಲ ಹೆಸರು ಸರಿಯಾದರೆ ಚಿಕಿತ್ಸೆ ಸರಿಯಾಗಿದೆ. ಎರಡನೆಯ ಹೆಸರು ಸರಿಯಾದರೆ ಎರಡು ದಿನಗಳಿಂದ ಕೊಡುತ್ತಿರುವ ಎರಡೂ ಔಷಧಗಳು ವ್ಯರ್ಥ, ಜೊತೆಗೆ ಕೊಲಿಸ್ಟಿನ್ ಸುಮ್ಮನೆ ಮೂತ್ರಪಿಂಡವನ್ನು ಹಾಳು ಮಾಡುತ್ತಿದೆ. ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನೈನ್ ರೋಗಿಯ ರಕ್ತದಲ್ಲಿ ಆಗಲೇ ಏರುತ್ತಿತ್ತು.

ಎರಡನ್ನೂ ಬೇರ್ಪಡಿಸಲು ಕೈಯಿಂದ ಮಾಡುವ ಒಂದು ಹಳೆಯ ಪರೀಕ್ಷೆ ಇದೆ. ಎಲಿಜಬೆತ್‌ಕಿಂಗಿಯಾ ಟ್ರಿಪ್ಟೊಫ್ಯಾನ್‌ನಿಂದ ಇಂಡೋಲ್ ತಯಾರಿಸುತ್ತದೆ, ಸ್ಫಿಂಗೊಮೊನಾಸ್ ತಯಾರಿಸುವುದಿಲ್ಲ. ಆದರೆ ನಾನ್-ಫರ್ಮೆಂಟರ್‌ಗಳಲ್ಲಿ ಇಂಡೋಲ್ ಬಹಳ ಕಡಿಮೆ ಪ್ರಮಾಣದಲ್ಲಿ ಬರುತ್ತದೆ. ಟ್ರಿಪ್ಟೊಫ್ಯಾನ್ ಇರುವ ದ್ರವದಲ್ಲಿ ಒಂದೆರಡು ದಿನ ಬೆಳೆಸಿ, ಕ್ಸೈಲೀನ್ ಹಾಕಿ ಕುಲುಕಿ, ಮೇಲೆ ಬಂದ ಪದರಕ್ಕೆ ಎರ್ಲಿಕ್ ದ್ರಾವಣ ಬಿಟ್ಟಾಗ ಮಾತ್ರ ಗುಲಾಬಿ ಉಂಗುರ ಕಾಣುತ್ತದೆ. ರೋಗಿಗೆ ಅಷ್ಟು ಕಾಲಾವಕಾಶ ಇರಲಿಲ್ಲ.

ಬುಧವಾರ ಸಂಜೆಯ ನಿರ್ಧಾರ

ಪ್ರಕರಣ ತಿರುಗಿದ್ದು ಇಲ್ಲಿ. ಆ ಆಸ್ಪತ್ರೆಯ ಸೂಕ್ಷ್ಮಜೀವಿ ತಜ್ಞೆ ಮೊದಲ ಹೆಸರನ್ನು ವರದಿಯಲ್ಲಿ ಬರೆದು ಮುಗಿಸಬಹುದಿತ್ತು, ಹೆಚ್ಚಿನ ಕಡೆ ಹಾಗೆಯೇ ಆಗುತ್ತದೆ. ಅವರು ಹಾಗೆ ಮಾಡಲಿಲ್ಲ. ಐಸಿಯು ವೈದ್ಯರಿಗೆ ಫೋನ್ ಮಾಡಿ ಹೇಳಿದ ಮಾತನ್ನು ಆಮೇಲೆ ನನಗೂ ತಿಳಿಸಿದರು: "ಡಾಕ್ಟರೇ, ಯಂತ್ರ ಒಂದು ಹೆಸರು ಕೊಟ್ಟಿದೆ, ಆದರೆ ಅದಕ್ಕೆ ಸಹಿ ಹಾಕಲು ನಾನು ಸಿದ್ಧಳಿಲ್ಲ. ಎರಡು ಗಂಟೆ ಸಮಯ ಕೊಡಿ."

ಪ್ಲೇಟನ್ನು ಟೇಪ್ ಸುತ್ತಿ, ಸೋರದ ಎರಡನೆಯ ಡಬ್ಬಿಯಲ್ಲಿಟ್ಟು, ಗಟ್ಟಿಯಾದ ಹೊರಪೆಟ್ಟಿಗೆಗೆ ಹಾಕಿ ನಮ್ಮಲ್ಲಿಗೆ ಕಳುಹಿಸಿದರು. ಸಂಜೆ ಆರಕ್ಕೆ ಹೊರಟ ಪೆಟ್ಟಿಗೆ ಸಿಲ್ಕ್ ಬೋರ್ಡ್ ದಾಟಿ ನಮ್ಮ ಮೇಜಿಗೆ ಬಂದಾಗ ಎಂಟು ಗಂಟೆ. ಪರೀಕ್ಷೆಗಿಂತ ಪ್ರಯಾಣಕ್ಕೇ ಹೆಚ್ಚು ಸಮಯ ಹಿಡಿಯಿತು.

ಮಾಲ್ಡಿ-ಟಾಫ್ ಬ್ಯಾಕ್ಟೀರಿಯಾ ಏನು ತಿನ್ನುತ್ತದೆ ಎಂದು ಕೇಳುವುದಿಲ್ಲ. ಅದರ ದೇಹದ ಪ್ರೋಟೀನುಗಳನ್ನು ನೇರವಾಗಿ ತೂಗುತ್ತದೆ. ಕಾಲೊನಿಯ ಚೂರನ್ನು ಮರದ ಕಡ್ಡಿಯ ತುದಿಯಲ್ಲಿ ಎತ್ತಿ, 96 ವೃತ್ತಗಳಿರುವ ಉಕ್ಕಿನ ತಟ್ಟೆಯ ಒಂದು ವೃತ್ತದಲ್ಲಿ ಸವರುತ್ತೇವೆ. ಅದರ ಮೇಲೆ 1 ಮೈಕ್ರೊಲೀಟರ್ ಮ್ಯಾಟ್ರಿಕ್ಸ್ ದ್ರಾವಣ ಬಿಟ್ಟು ಒಣಗಿಸುತ್ತೇವೆ. ಮ್ಯಾಟ್ರಿಕ್ಸ್ ಎಂದರೆ ಲೇಸರ್ ಬೆಳಕನ್ನು ಹೀರಿಕೊಳ್ಳುವ ಒಂದು ಸಾವಯವ ಆಮ್ಲ. ಅದರ ದ್ರಾವಣವೇ ಜೀವಕೋಶಗಳನ್ನು ಒಡೆದು ಪ್ರೋಟೀನನ್ನು ಹೊರತರುತ್ತದೆ, ಒಣಗುವಾಗ ಪ್ರೋಟೀನಿನೊಂದಿಗೆ ಹರಳುಗಟ್ಟುತ್ತದೆ. ನಂತರ ತಟ್ಟೆಯನ್ನು ನಿರ್ವಾತ ಕೋಣೆಗೆ ಸೇರಿಸಿ ಲೇಸರ್ ಹೊಡೆದಾಗ ಹರಳಿನಿಂದ ಪ್ರೋಟೀನುಗಳು ಮುರಿಯದೆ, ವಿದ್ಯುದಾವೇಶ ಹೊತ್ತು ಮೇಲೇಳುತ್ತವೆ. ದೊಡ್ಡ ಪ್ರೋಟೀನುಗಳನ್ನು ಮುರಿಯದೆ ಹೀಗೆ ಎಬ್ಬಿಸಬಹುದೆಂದು ತೋರಿಸಿದ್ದಕ್ಕಾಗಿಯೇ ಜಪಾನಿನ ಕೊಯಿಚಿ ತನಕಾ ಅವರಿಗೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಎದ್ದ ಕಣಗಳನ್ನು ವಿದ್ಯುತ್ ಕ್ಷೇತ್ರವು ಒಂದು ಉದ್ದನೆಯ ಕೊಳವೆಯೊಳಗೆ ತಳ್ಳುತ್ತದೆ. ಹಗುರವಾದವು ಬೇಗ, ಭಾರವಾದವು ತಡವಾಗಿ ಕೊನೆ ತಲುಪುತ್ತವೆ. ತಲುಪಿದ ಸಮಯದಿಂದ ತೂಕ ಗೊತ್ತಾಗುತ್ತದೆ.

2,000ದಿಂದ 20,000 ಡಾಲ್ಟನ್ ತೂಕದ ನಡುವೆ ಮೂಡುವ ಶಿಖರಗಳ ಸಾಲು ಆ ಪ್ರಭೇದದ ಸಹಿ. ಅವುಗಳಲ್ಲಿ ಬಹುಪಾಲು, ಜೀವಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೊಸೋಮಿನ ಪ್ರೋಟೀನುಗಳು. ಪ್ಯಾನೆಲ್‌ಗಿಂತ ಈ ವಿಧಾನ ಮೇಲು ಎಂದು ನಾನು ಹೇಳುವುದಕ್ಕೆ ಮೂಲ ಕಾರಣ ಇದೇ. ಬ್ಯಾಕ್ಟೀರಿಯಾ ಹಸಿದಿರಲಿ, ನಿಧಾನಿಯಾಗಿರಲಿ, ಸಕ್ಕರೆ ಮುಟ್ಟದೆ ಇರಲಿ, ಬದುಕಿ ಬೆಳೆಯಬೇಕಾದರೆ ಅದಕ್ಕೆ ರೈಬೊಸೋಮ್ ಬೇಕೇ ಬೇಕು, ಅದೂ ಸಾವಿರಾರು ಸಂಖ್ಯೆಯಲ್ಲಿ. ಯಾವ ಪ್ಲೇಟಿನ ಮೇಲೆ ಬೆಳೆಯಿತು ಎಂಬುದರಿಂದ ಆ ಪ್ರೋಟೀನುಗಳ ತೂಕ ಬದಲಾಗುವುದಿಲ್ಲ. ಕಾರ್ಡಿನ ಮುಂದೆ ಮೌನವಾಗಿದ್ದ ಬ್ಯಾಕ್ಟೀರಿಯಾ ಇಲ್ಲಿ ಇ. ಕೋಲಿಯಷ್ಟೇ ಸ್ಪಷ್ಟವಾಗಿ ಮಾತನಾಡುತ್ತದೆ.

ಆ ರಾತ್ರಿ ಮೊದಲ ವೃತ್ತದಿಂದ ಏನೂ ಬರಲಿಲ್ಲ. ಶಿಖರಗಳು ಸಿಗಲಿಲ್ಲ ಎಂಬ ಸಂದೇಶವಷ್ಟೇ ಪರದೆಯ ಮೇಲಿತ್ತು. ಪಕ್ಕದಲ್ಲಿದ್ದ ಇ. ಕೋಲಿ ಮಾನಕದ ವೃತ್ತ ಸರಿಯಾಗಿ ಓದಿಸಿಕೊಂಡಿತ್ತು, ಬರೀ ಮ್ಯಾಟ್ರಿಕ್ಸ್ ಹಾಕಿದ ವೃತ್ತ ಖಾಲಿ ತೋರಿಸಿತ್ತು. ಆದ್ದರಿಂದ ಯಂತ್ರದಲ್ಲಿ, ಮ್ಯಾಟ್ರಿಕ್ಸ್‌ನಲ್ಲಿ ದೋಷವಿಲ್ಲ ಎಂಬುದು ಖಚಿತ. ಉಳಿದದ್ದು ಸವರಿದ ಬಗೆ. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿದಾಗ ವೃತ್ತದಲ್ಲಿ ಕಾಲೊನಿ ಬೆಳ್ಳಗೆ ಗುಪ್ಪೆಯಾಗಿ ಕೂತಿತ್ತು. ಹೊಸದಾಗಿ ಯಂತ್ರ ಮುಟ್ಟಿದವರು ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ದಪ್ಪ ಪದರದಲ್ಲಿ ಮ್ಯಾಟ್ರಿಕ್ಸ್ ಒಳಗಿಳಿಯುವುದಿಲ್ಲ, ಹರಳು ಸರಿಯಾಗಿ ಕಟ್ಟುವುದಿಲ್ಲ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿರಬೇಕು. ನಮ್ಮ ಹಿರಿಯ ತಂತ್ರಜ್ಞರು ಎರಡು ಹೊಸ ವೃತ್ತಗಳಲ್ಲಿ ತೆಳುವಾಗಿ ಸವರಿ, ಒಂದಕ್ಕೆ ಮ್ಯಾಟ್ರಿಕ್ಸ್‌ಗೆ ಮೊದಲು 70 ಶೇಕಡಾ ಫಾರ್ಮಿಕ್ ಆಮ್ಲದ 1 ಮೈಕ್ರೊಲೀಟರ್ ಕೂಡ ಹಾಕಿದರು. ಈ ಬಾರಿ ಎರಡೂ ಓದಿಸಿಕೊಂಡವು.

ಎಂಟೂ ಮುಕ್ಕಾಲಿಗೆ ಪರದೆಯ ಮೇಲೆ ಹೆಸರು ಬಂತು: ಎಲಿಜಬೆತ್‌ಕಿಂಗಿಯಾ. ಸ್ಫಿಂಗೊಮೊನಾಸ್ ಪಟ್ಟಿಯಲ್ಲೇ ಇರಲಿಲ್ಲ.

ಹೆಸರಿನೊಳಗೆ ಇನ್ನೊಂದು ಹೆಸರು

ನಮ್ಮ ಯಂತ್ರದಲ್ಲಿ ಹೋಲಿಕೆಯ ಅಂಕ 0ಯಿಂದ 3ರವರೆಗೆ ಇರುತ್ತದೆ. 2.0 ಮತ್ತು ಅದಕ್ಕಿಂತ ಮೇಲಿದ್ದರೆ ಪ್ರಭೇದದ ಮಟ್ಟದಲ್ಲಿ ನಂಬಬಹುದು. 1.7ರಿಂದ 2.0ರ ಒಳಗಿದ್ದರೆ ಕುಲದ ಹೆಸರನ್ನಷ್ಟೇ ಹೇಳಬೇಕು. ಅದಕ್ಕಿಂತ ಕೆಳಗಿದ್ದರೆ ಏನೂ ಹೇಳಬಾರದು. ಇಲ್ಲಿ, ಗೊತ್ತಿರುವ ಬ್ಯಾಕ್ಟೀರಿಯಾಗಳ ಶಿಖರಗಳನ್ನು ಕೂಡಿಟ್ಟ ಹಳೆಯ ಸಂಗ್ರಹದೊಂದಿಗೆ ಹೋಲಿಸಿದಾಗ ಎ. ಮೆನಿಂಗೊಸೆಪ್ಟಿಕಾ ಎಂದು 2.06 ಬಂತು. ಅದೇ ಶಿಖರಗಳನ್ನು ಹೊಸದಾಗಿ ಪರಿಷ್ಕರಿಸಿದ ಸಂಗ್ರಹದೊಂದಿಗೆ ಹೋಲಿಸಿದಾಗ ಎ. ಅನೊಫಿಲಿಸ್ ಎಂದು 2.28, ಎರಡನೆಯ ಸ್ಥಾನದಲ್ಲಿ ಮೆನಿಂಗೊಸೆಪ್ಟಿಕಾ.

ಕಾರಣ ಸರಳ. ಎ. ಅನೊಫಿಲಿಸ್ ಅನ್ನು ಅನೊಫಿಲಿಸ್ ಸೊಳ್ಳೆಯ ಕರುಳಿನಿಂದ ಪ್ರತ್ಯೇಕಿಸಿ, ಹೊಸ ಪ್ರಭೇದವೆಂದು 2011ರಲ್ಲಷ್ಟೇ ವಿವರಿಸಲಾಯಿತು. ಹಳೆಯ ಸಂಗ್ರಹಗಳಲ್ಲಿ ಅದರ ಶಿಖರಗಳೇ ಇಲ್ಲ. ಇಲ್ಲದ ಹೆಸರನ್ನು ಯಂತ್ರ ಹೇಳಲಾರದು, ಹತ್ತಿರದ ಸಂಬಂಧಿಯನ್ನು ತೋರಿಸುತ್ತದೆ. ಆ ಅಂಕ 2.0 ದಾಟಿದ್ದರಿಂದ ಅನುಮಾನವೂ ಬರುವುದಿಲ್ಲ. ಅಂಕ ಹೆಚ್ಚಿದ್ದರೆ ಉತ್ತರ ಸರಿ ಎಂದು ನಂಬುವವರು ಇದನ್ನು ಗಮನದಲ್ಲಿಡಬೇಕು: ಸಂಗ್ರಹದಲ್ಲಿ ಇರುವವುಗಳ ಪೈಕಿ ಅತಿ ಹತ್ತಿರದ್ದು ಯಾವುದು ಎಂದಷ್ಟೇ ಅಂಕ ಹೇಳುತ್ತದೆ. ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬರ್ಕೋಲ್ಡೇರಿಯಾ ಸೂಡೊಮ್ಯಾಲಿಯೈ ಸೇರಿರದ ಸಂಗ್ರಹ, ಕರಾವಳಿಯಿಂದ ಬಂದ ಅಂಥ ರೋಗಿಯ ಕಾಲೊನಿಗೆ ಅದರ ನಿರಪಾಯಕಾರಿ ಸೋದರ ಸಂಬಂಧಿಯ ಹೆಸರು ಕೊಡುವುದೂ ಇದೇ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಅದನ್ನು ಯಾರೂ ಮರೆಯುವಂತಿಲ್ಲ.

ಆ ರಾತ್ರಿ ಇದನ್ನು ಬಗೆಹರಿಸುವವರೆಗೆ ಕಾಯಬೇಕೇ? ಬೇಡ ಎಂದು ನಿರ್ಧರಿಸಿದೆವು. ಎರಡೂ ಸಂಗ್ರಹಗಳು ಕುಲದ ವಿಷಯದಲ್ಲಿ ಒಪ್ಪಿದ್ದವು. ಔಷಧದ ಆಯ್ಕೆಗೆ ಬೇಕಾದದ್ದು ಕುಲದ ಹೆಸರೇ. "ಎಲಿಜಬೆತ್‌ಕಿಂಗಿಯಾ, ಬಹುತೇಕ ಅನೊಫಿಲಿಸ್, ಪ್ರಭೇದದ ದೃಢೀಕರಣ ಬಾಕಿ" ಎಂದು ಫೋನಿನಲ್ಲಿ ತಿಳಿಸಿ, ಹಾಗೆಯೇ ಬರೆದು ಕಳುಹಿಸಿದೆವು.

ಐಸಿಯುನಲ್ಲಿ ಆದದ್ದು

ಯಾವ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ತೋರಿಸುವ ಸೆನ್ಸಿಟಿವಿಟಿ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ಐಸಿಯು ವೈದ್ಯರ ಮೊದಲ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. "ಸೆನ್ಸಿಟಿವಿಟಿ ಇನ್ನೂ ಬಂದಿಲ್ಲವಲ್ಲ ಮೇಡಂ, ಬರೀ ಹೆಸರು ನಂಬಿ ಔಷಧ ಬದಲಿಸುವುದು ಹೇಗೆ?" ಎಂದು ಅವರು ತಮ್ಮ ಸೂಕ್ಷ್ಮಜೀವಿ ತಜ್ಞೆಯನ್ನು ಕೇಳಿದರು. "ಯಾವುದು ಕೆಲಸ ಮಾಡುತ್ತದೆ ಎಂದು ನಾನು ಶುಕ್ರವಾರ ಹೇಳುತ್ತೇನೆ ಡಾಕ್ಟರೇ, ಯಾವುದು ಮಾಡುವುದಿಲ್ಲ ಎಂದು ಹೆಸರೇ ಹೇಳುತ್ತಿದೆ" ಎಂಬುದು ಅವರ ಉತ್ತರ.

ಅಂದೇ ರಾತ್ರಿ ಕೊಲಿಸ್ಟಿನ್ ನಿಲ್ಲಿಸಲಾಯಿತು. ಮೂತ್ರಪಿಂಡಕ್ಕೆ ತಕ್ಕಂತೆ ಪ್ರಮಾಣ ಹೊಂದಿಸಿ ಲಿವೊಫ್ಲಾಕ್ಸಸಿನ್, ಅದರ ಜೊತೆಗೆ ಮಿನೊಸೈಕ್ಲಿನ್ ಶುರುವಾಯಿತು. ಈ ಕುಲದ ಮೇಲೆ ಇವೆರಡೂ ಹೆಚ್ಚಾಗಿ ಕೆಲಸ ಮಾಡುತ್ತವೆ. ಮೆರೊಪೆನೆಮ್ ಅನ್ನು ಮಾತ್ರ ವೈದ್ಯರು ತಕ್ಷಣ ಬಿಡಲಿಲ್ಲ. ಈಗಷ್ಟೇ ಕರುಳಿನ ಶಸ್ತ್ರಚಿಕಿತ್ಸೆಯಾದ ಹೊಟ್ಟೆಯೊಳಗೆ ಬೇರೆ ಸೋಂಕು ಇಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಗುವವರೆಗೆ ಮುಂದುವರಿಸಿ, ಆಮೇಲೆ ನಿಲ್ಲಿಸಿದರು. ಅದು ವಿವೇಕದ ತೀರ್ಮಾನ ಎಂದು ನನಗೆ ಅನ್ನಿಸುತ್ತದೆ. ಪ್ರಯೋಗಾಲಯ ಒಂದು ಬಾಟಲಿಯಲ್ಲಿ ಬೆಳೆದದ್ದನ್ನು ಹೇಳುತ್ತದೆ, ಹಾಸಿಗೆಯ ಮೇಲಿರುವವರ ಇಡೀ ದೇಹವನ್ನಲ್ಲ. ಗುರುವಾರ ಬೆಳಗ್ಗೆ ಸೆಂಟ್ರಲ್ ಲೈನ್ ತೆಗೆದು ಬೇರೆ ಕಡೆ ಹೊಸದನ್ನು ಹಾಕಿದರು.

ಶುಕ್ರವಾರ ಬ್ರಾತ್ ಮೈಕ್ರೊಡೈಲ್ಯೂಷನ್ ಫಲಿತಾಂಶ ಬಂತು. ಈ ಬ್ಯಾಕ್ಟೀರಿಯಾಕ್ಕೆ ಡಿಸ್ಕ್ ವಿಧಾನ ನಂಬಲರ್ಹವಲ್ಲ, ಆದ್ದರಿಂದ ಔಷಧವನ್ನು ಹಂತಹಂತವಾಗಿ ದುರ್ಬಲಗೊಳಿಸಿದ ದ್ರವದಲ್ಲಿ ಬೆಳೆಸಿಯೇ ನೋಡಬೇಕು. ಲಿವೊಫ್ಲಾಕ್ಸಸಿನ್, ಮಿನೊಸೈಕ್ಲಿನ್ ಎರಡೂ ಕಡಿಮೆ ಪ್ರಮಾಣದಲ್ಲೇ ಬೆಳವಣಿಗೆ ತಡೆದವು. ಮೆರೊಪೆನೆಮ್ ನಿರೀಕ್ಷೆಯಂತೆ ನಿಷ್ಫಲ. ಅದೇ ದಿನ ಮತ್ತೆ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಜ್ವರ ವಾರಾಂತ್ಯಕ್ಕೆ ಇಳಿಯಿತು, ಮುಂದಿನ ವಾರ ವೆಂಟಿಲೇಟರ್ ತೆಗೆದರು. ಇದರಲ್ಲಿ ಔಷಧದ ಪಾಲೆಷ್ಟು, ಲೈನ್ ತೆಗೆದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಹೆಸರು ಬುಧವಾರ ರಾತ್ರಿಯೇ ಸಿಕ್ಕಿದ್ದರಿಂದ ಸರಿಯಾದ ಔಷಧ ಸೆನ್ಸಿಟಿವಿಟಿಗಿಂತ ಸುಮಾರು ಎರಡು ದಿನ ಮೊದಲೇ ಶುರುವಾಯಿತು, ಕೊಲಿಸ್ಟಿನ್ ಎರಡು ದಿನ ಮೊದಲೇ ನಿಂತಿತು ಎಂಬುದನ್ನಂತೂ ಖಚಿತವಾಗಿ ಹೇಳಬಹುದು.

ಹಳೆಯ ವರದಿಗಳನ್ನು ತಿರುವಿ ಹಾಕಿದಾಗ

ರೋಗಿ ಸುಧಾರಿಸಿಕೊಳ್ಳುತ್ತಿದ್ದಾಗ ಆ ತಂತ್ರಜ್ಞೆ ಕೇಳಿದ ಒಂದು ಪ್ರಶ್ನೆ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ಮಾತು. "ಮೆಕಾಂಕಿಯಲ್ಲಿ ಬೆಳೆಯದ ಇಂಥದ್ದೇ ಹಳದಿ ಕಾಲೊನಿ ಈ ವರ್ಷ ಮೊದಲೂ ನೋಡಿದ್ದೇನೆ ಮೇಡಂ, ಅವೆಲ್ಲ ಏನಾಗಿದ್ದವು?"

ದಾಖಲೆ ತೆಗೆದು ನೋಡಿದರು. ಹಿಂದಿನ ಮೂರು ತಿಂಗಳಲ್ಲಿ ಅದೇ ಐಸಿಯುನ ಮೂವರು ರೋಗಿಗಳಿಂದ ಅಂಥ ಕಾಲೊನಿಗಳು ಬಂದಿದ್ದವು. ಒಂದಕ್ಕೆ ಪ್ಯಾನೆಲ್ ಸ್ಫಿಂಗೊಮೊನಾಸ್ ಎಂದಿತ್ತು. ಅದು ಶ್ವಾಸನಾಳದ ಸ್ರಾವದಿಂದ ಬಂದದ್ದು, ಯಾರೂ ಗಮನ ಕೊಟ್ಟಿರಲಿಲ್ಲ. ಇನ್ನೊಂದಕ್ಕೆ ಕ್ರೈಸಿಯೊಬ್ಯಾಕ್ಟೀರಿಯಂ ಎಂದಿತ್ತು. ಮೂರನೆಯದು "ಗುರುತಿಸಲಾಗದ ನಾನ್-ಫರ್ಮೆಂಟರ್". ಒಂದೊಂದು ತಿಂಗಳಿಗೆ ಒಂದೊಂದು ಅಪರೂಪದ ಹೆಸರು. ಸೋಂಕು ನಿಯಂತ್ರಣ ತಂಡ ಪ್ರತಿ ತಿಂಗಳೂ ಹೆಸರುಗಳ ಪಟ್ಟಿ ನೋಡುತ್ತಿತ್ತು. ಆದರೆ ಒಂದೇ ಹೆಸರು ಮರುಕಳಿಸಿದರೆ ಮಾತ್ರ ಆ ಪಟ್ಟಿ ಎಚ್ಚರಿಸುತ್ತದೆ.

ಮೊದಲ ಎರಡು ಕಾಲೊನಿಗಳನ್ನು ಗ್ಲಿಸರಾಲ್‌ನಲ್ಲಿ ಶೀತಲೀಕರಿಸಿ ಇಟ್ಟಿದ್ದರು. ಅವುಗಳನ್ನು ಮತ್ತೆ ಬೆಳೆಸಿ ನಮ್ಮಲ್ಲಿಗೆ ಕಳುಹಿಸಿದರು. ಎರಡೂ ಎ. ಅನೊಫಿಲಿಸ್, ಎರಡರ ಅಂಕವೂ 2.0ಗಿಂತ ಮೇಲೆ. ಪ್ಯಾನೆಲ್‌ನ ಹೆಸರುಗಳನ್ನು ನಂಬಿದ್ದರೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಘಟನೆಗಳು. ಪ್ರೋಟೀನು ತೂಗಿ ನೋಡಿದರೆ ಒಂದೇ ಕೋಣೆಯಲ್ಲಿ ಒಂದೇ ಪ್ರಭೇದ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಬೇಗ ಉತ್ತರ ಕೊಡುವುದನ್ನೇ ಮಾಲ್ಡಿ-ಟಾಫ್‌ನ ದೊಡ್ಡ ಲಾಭವೆಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಪರೂಪದ ಬ್ಯಾಕ್ಟೀರಿಯಾಕ್ಕೂ ಪ್ರತಿ ಸಲ ಅದೇ ಹೆಸರು ಕೊಡುವ ಅದರ ಗುಣ.

ಎಲಿಜಬೆತ್‌ಕಿಂಗಿಯಾ ಎಂದ ಕೂಡಲೇ ಹುಡುಕಬೇಕಾದದ್ದು ನೀರನ್ನು. ಐಸಿಯುನ ಸಿಂಕ್‌ಗಳು, ನಲ್ಲಿಗಳು, ಹ್ಯುಮಿಡಿಫೈಯರ್ ನೀರು, ನೆಬ್ಯುಲೈಸರ್ ಬಟ್ಟಲುಗಳು ಎಲ್ಲವುಗಳಿಂದ ಮಾದರಿ ತೆಗೆದರು. ಒಂದು ಸಿಂಕ್‌ನ ನಲ್ಲಿಯ ತುದಿಯಲ್ಲಿರುವ ಜಾಲರಿಯಲ್ಲಿ ಮತ್ತು ಅದರ ಕೊಳವೆಯಲ್ಲಿ ಅದೇ ಪ್ರಭೇದ ಸಿಕ್ಕಿತು. ನೆಬ್ಯುಲೈಸರ್ ಬಟ್ಟಲುಗಳನ್ನು ಅದೇ ಸಿಂಕ್‌ನಲ್ಲಿ ತೊಳೆದು ಒಣಗಲು ಇಡುತ್ತಿದ್ದರು, ವೆಂಟಿಲೇಟರ್ ರೋಗಿಗಳ ಬಾಯಿ ಸ್ವಚ್ಛಗೊಳಿಸಲೂ ಅಲ್ಲಿನ ನೀರನ್ನೇ ಬಳಸುತ್ತಿದ್ದರು. ಜಾಲರಿಗಳನ್ನು ತೆಗೆದುಹಾಕಿ, ಆ ಸಿಂಕ್ ಬದಲಿಸಿ, ಬಟ್ಟಲು ತೊಳೆಯಲು ಮತ್ತು ಬಾಯಿಯ ಆರೈಕೆಗೆ ಕ್ರಿಮಿರಹಿತ ನೀರನ್ನು ಕಡ್ಡಾಯ ಮಾಡಿದರು.

ಇಲ್ಲಿ ಯಂತ್ರದ ಮಿತಿಯನ್ನೂ ಹೇಳಬೇಕು. ನಲ್ಲಿಯಲ್ಲಿ ಸಿಕ್ಕಿದ್ದೂ ರೋಗಿಗಳಲ್ಲಿ ಸಿಕ್ಕಿದ್ದೂ ಒಂದೇ ಪ್ರಭೇದ ಎಂದು ಮಾಲ್ಡಿ-ಟಾಫ್ ಹೇಳಿತು. ಒಂದೇ ತಳಿ ಎಂದು ಅದು ಹೇಳಲಾರದು. ಅದಕ್ಕಾಗಿ ಪೂರ್ಣ ಜೀನೋಮ್ ಓದಿಸಬೇಕಾಯಿತು. ರೋಗಿಯ ರಕ್ತದ ಕಾಲೊನಿ, ಶೀತಲೀಕರಿಸಿದ್ದ ಎರಡು ಮತ್ತು ನಲ್ಲಿಯದ್ದು, ನಾಲ್ಕೂ ಬಹಳ ಹತ್ತಿರದ ಸಂಬಂಧಿಗಳೆಂದು, ಪ್ರಭೇದ ಅನೊಫಿಲಿಸ್ ಎಂದೇ ಕೆಲವು ವಾರಗಳ ನಂತರ ದೃಢಪಟ್ಟಿತು. ಆದರೆ ಸಿಂಕ್ ಬದಲಿಸಲು ಆಸ್ಪತ್ರೆ ಅದಕ್ಕಾಗಿ ಕಾದಿರಲಿಲ್ಲ.

ಈಗ ನಡೆಯುತ್ತಿರುವುದು

ಆ ಆಸ್ಪತ್ರೆ ಯಂತ್ರ ಕೊಳ್ಳಲಿಲ್ಲ. ಒಂದು ಮಾದರಿಗೆ ತಗಲುವ ಮ್ಯಾಟ್ರಿಕ್ಸ್ ಮತ್ತು ಕಡ್ಡಿಯ ಖರ್ಚು ಪ್ಯಾನೆಲ್ ಕಾರ್ಡಿಗಿಂತ ಬಹಳ ಕಡಿಮೆ. ಆದರೆ ಯಂತ್ರದ ಬೆಲೆ ಮತ್ತು ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ದಿನಕ್ಕೆ ಹತ್ತಿಪ್ಪತ್ತು ಕಾಲೊನಿ ನೋಡುವ ಪ್ರಯೋಗಾಲಯ ಹೊರುವುದು ಕಷ್ಟ. ಬದಲಿಗೆ ಕ್ರಮವನ್ನು ತಿರುವಿ ಹಾಕಿದರು. ರಕ್ತದಿಂದ ಬಂದ ಗ್ರಾಂ ನೆಗೆಟಿವ್ ಮೆಕಾಂಕಿಯಲ್ಲಿ ಬೆಳೆಯದಿದ್ದರೆ, ಅಥವಾ ಆಕ್ಸಿಡೇಸ್ ಪಾಸಿಟಿವ್ ಆಗಿದ್ದು ಸೂಡೊಮೊನಾಸ್‌ನಂತೆ ಕಾಣದಿದ್ದರೆ, ಪ್ಲೇಟ್ ಬೆಳಗ್ಗೆಯೇ ನಮ್ಮಲ್ಲಿಗೆ ಹೊರಡುತ್ತದೆ. ಕಾರ್ಡಿಗಾಗಿ ಸಂಜೆಯವರೆಗೆ ಕಾಯುವುದಿಲ್ಲ. ಬುಧವಾರದ ಆ ಪ್ಲೇಟ್ ಬೆಳಗ್ಗೆ ಹೊರಟಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಹೆಸರು ಸಿಗುತ್ತಿತ್ತು. ಸೆನ್ಸಿಟಿವಿಟಿಗೆ ಹಳೆಯ ವಿಧಾನಗಳೇ ಮುಂದುವರಿದಿವೆ, ಆ ಕೆಲಸವನ್ನು ಮಾಲ್ಡಿ-ಟಾಫ್ ದಿನನಿತ್ಯದ ಬಳಕೆಯಲ್ಲಿ ಮಾಡುವುದಿಲ್ಲ.

ನಮ್ಮ ಕಡೆಯಿಂದ ಬದಲಾದದ್ದು ಒಂದು ಸಣ್ಣ ಸಾಲು. ಪ್ರತಿ ವರದಿಯಲ್ಲೂ ಅಂಕದ ಪಕ್ಕದಲ್ಲಿ ಹೋಲಿಕೆಗೆ ಬಳಸಿದ ಸಂಗ್ರಹದ ಆವೃತ್ತಿಯನ್ನು ಬರೆಯುತ್ತೇವೆ. ಇ. ಕೋಲಿ ಮತ್ತು ಶಿಗೆಲ್ಲಾ, ನ್ಯುಮೊಕಾಕಸ್ ಮತ್ತು ಅದರ ಬಾಯಿವಾಸಿ ಸಂಬಂಧಿಗಳು, ಹೀಗೆ ಪ್ರೋಟೀನಿನ ತೂಕದಿಂದ ಸುಲಭವಾಗಿ ಬೇರ್ಪಡದ ಜೋಡಿಗಳು ಬಂದಾಗ ಕೈಪರೀಕ್ಷೆ ಮಾಡಿದ ನಂತರವೇ ಹೆಸರು ಬಿಡುಗಡೆ ಮಾಡುತ್ತೇವೆ.

ಹಳೆಯ ಮೂವರು ರೋಗಿಗಳಲ್ಲಿ ಮೂರನೆಯವರ ಕಾಲೊನಿ, "ಗುರುತಿಸಲಾಗದ ನಾನ್-ಫರ್ಮೆಂಟರ್" ಎಂದು ಬರೆದದ್ದು, ಸಿಗಲಿಲ್ಲ. ವರದಿ ಹೋದ ವಾರವೇ ಪ್ಲೇಟನ್ನು ಆಟೊಕ್ಲೇವ್ ಮಾಡಿ ಎಸೆದಿದ್ದರು. ಅದೂ ಅದೇ ನಲ್ಲಿಯಿಂದ ಬಂದದ್ದೇ ಎಂದು ತಿಳಿಯುವ ದಾರಿ ಇನ್ನಿಲ್ಲ. ರಕ್ತ ಮತ್ತು ಶ್ವಾಸನಾಳದಿಂದ ಬರುವ ಪ್ರತಿಯೊಂದು ನಾನ್-ಫರ್ಮೆಂಟರನ್ನೂ, ಹೆಸರು ಸಿಗಲಿ ಬಿಡಲಿ, ಆ ಆಸ್ಪತ್ರೆ ಈಗ ಗ್ಲಿಸರಾಲ್‌ನಲ್ಲಿ ತೆಗೆದಿಡುತ್ತಿದೆ.